ನಿದ್ರೆ ಮರಳಿದ್ದಕ್ಕೇ ಮನಸ್ಸು ಹಗುರಾಯಿತೇ? ಲೆಕ್ಕಕ್ಕೆ ಕೂರುವ ಮೊದಲು ಬರೆದಿಡಬೇಕಾದದ್ದು

(ಮಂಗಳೂರಿನಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಮನೋವೈದ್ಯಕೀಯ ವಿಭಾಗದ ಕಿರಿಯ ವೈದ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರಾವರ್ತನೆಗಳನ್ನಷ್ಟೇ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಇಷ್ಟು ಜೋರು ಮಳೆ ಇದ್ದರೂ ಬಂದಿದ್ದೀರಿ. ಹಿಂದಿನ ಸಾಲಿನವರಿಗೆ ಕೇಳದಿದ್ದರೆ ಮುಂದೆ ಬನ್ನಿ, ಜಾಗ ಇದೆ.

ಇವತ್ತು ನಾನು ಒಂದು ಪ್ರಶ್ನಾವಳಿಯ ಒಂದೇ ಸಾಲಿನಿಂದ ಶುರು ಮಾಡುತ್ತೇನೆ. ಖಿನ್ನತೆ ಅಳೆಯಲು ನಿಮ್ಮಲ್ಲಿ ಬಹುತೇಕರು ಬಳಸುವುದು ಪಿಎಚ್‌ಕ್ಯು-9. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27 ಅಂಕ. ಅದರ ಮೂರನೇ ಪ್ರಶ್ನೆ ಏನು ಕೇಳುತ್ತದೆ? ಕಳೆದ ಎರಡು ವಾರಗಳಲ್ಲಿ ನಿದ್ರೆ ಹತ್ತಲು, ನಿದ್ರೆಯಲ್ಲಿ ಉಳಿಯಲು ಕಷ್ಟವಾಯಿತೇ, ಅಥವಾ ನಿದ್ರೆ ಅತಿಯಾಯಿತೇ ಎಂದು. ಅಂದರೆ ಖಿನ್ನತೆಯ ಅಳತೆಗೋಲಿನ ಒಳಗೇ ನಿದ್ರೆ ಕುಳಿತಿದೆ. ಈಗ ನೀವು ನಿದ್ರಾಹೀನತೆಗೆ ಚಿಕಿತ್ಸೆ ಕೊಟ್ಟಿರಿ, ರೋಗಿಯ ನಿದ್ರೆ ಸರಿಹೋಯಿತು, ಮೂರನೇ ಪ್ರಶ್ನೆಯ ಅಂಕ 3ರಿಂದ 1ಕ್ಕೆ ಇಳಿಯಿತು. ಆಗ ‘ನಿದ್ರೆ ಸುಧಾರಿಸಿದ್ದರಿಂದ ಖಿನ್ನತೆ 2 ಅಂಕ ಇಳಿಯಿತು’ ಎಂದು ಬರೆದರೆ ಅದರ ಅರ್ಥ ನಿದ್ರೆ ಸುಧಾರಿಸಿದ್ದರಿಂದ ನಿದ್ರೆ ಸುಧಾರಿಸಿತು ಎಂದಷ್ಟೇ. ಮನಸ್ಸಿನ ಬಗ್ಗೆ ಆ ವಾಕ್ಯ ಏನನ್ನೂ ಹೇಳುವುದಿಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಅಧ್ಯಯನದ ದತ್ತಾಂಶ ನನ್ನ ಕೈಗೆ ಬಂತು. ಮುಖ್ಯ ಪ್ರಬಂಧ ಆಗಲೇ ಪ್ರಕಟವಾಗಿತ್ತು, ಎರಡನೇ ಪ್ರಬಂಧಕ್ಕಾಗಿ ಮೀಡಿಯೇಶನ್ ಲೆಕ್ಕ, ಅಂದರೆ ಚಿಕಿತ್ಸೆಯ ಪರಿಣಾಮದಲ್ಲಿ ಎಷ್ಟು ಪಾಲು ನಿದ್ರೆಯ ಮೂಲಕ ಬಂತು ಎಂಬ ಲೆಕ್ಕ, ಹಾಕಿ ಕೊಡಿ ಎಂದರು. ಒಂದು ಸಂಜೆಯಲ್ಲಿ ಮಾಡಿಕೊಟ್ಟೆ. ಪರಿಣಾಮದ ದೊಡ್ಡ ಪಾಲು ನಿದ್ರೆಯ ಮೂಲಕವೇ ಹೋಗುತ್ತದೆ ಎಂದು ಫಲಿತಾಂಶ ಬಂತು, ಎಲ್ಲರಿಗೂ ಖುಷಿಯಾಯಿತು. ಕರಡನ್ನು ಓದಿದ ಹಿರಿಯ ಮನೋವೈದ್ಯರೊಬ್ಬರು ಮೂರನೇ ಪ್ರಶ್ನೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸುತ್ತು ಹಾಕಿ ಹಿಂದಿರುಗಿಸಿದರು. ಬೇರೆ ಏನೂ ಬರೆದಿರಲಿಲ್ಲ. ಆ ಸುತ್ತು ನೋಡಿದ ಮೇಲೆ ಲೆಕ್ಕವನ್ನು ಮೊದಲಿನಿಂದ ಮಾಡಬೇಕಾಯಿತು. ಆದರೆ ಅಷ್ಟರಲ್ಲಿ ಉತ್ತರ ಏನು ಬರುತ್ತದೆ ಎಂದು ನಾನು ಕಂಡಾಗಿತ್ತು. ಒಮ್ಮೆ ಕಂಡ ಮೇಲೆ ಯಾವ ತೀರ್ಮಾನವನ್ನೂ ನಿರ್ಲಿಪ್ತವಾಗಿ ತೆಗೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ ಇವತ್ತು ಲೆಕ್ಕಕ್ಕಿಂತ ಹೆಚ್ಚಾಗಿ ಲೆಕ್ಕಕ್ಕೆ ಮುಂಚಿನ ಯೋಜನೆಯ ಬಗ್ಗೆ ಮಾತನಾಡುತ್ತೇನೆ.

ಎರಡು ಕೊಂಡಿ, ಒಂದಕ್ಕೆ ಮಾತ್ರ ರಕ್ಷಣೆ

ಒಂದು ಟ್ರಯಲ್ ಕಲ್ಪಿಸಿಕೊಳ್ಳಿ. ಉಡುಪಿ, ದಕ್ಷಿಣ ಕನ್ನಡದ ಕರಾವಳಿ ಊರುಗಳಿಂದ ನಿದ್ರಾಹೀನತೆ ಮತ್ತು ಖಿನ್ನತೆಯ ಲಕ್ಷಣ ಎರಡೂ ಇರುವ 300 ಜನ. ರ‍್ಯಾಂಡಮ್ ಆಗಿ ಹಂಚಿ 150 ಜನರಿಗೆ ನಿದ್ರಾಹೀನತೆಯ ಸಿಬಿಟಿ, ಅಂದರೆ ನಿದ್ರೆಯ ಬಗೆಗಿನ ಯೋಚನೆ, ಅಭ್ಯಾಸಗಳನ್ನು ತಿದ್ದುವ ಮಾತಿನ ಚಿಕಿತ್ಸೆ, ಉಳಿದ 150 ಜನರಿಗೆ ಒಳ್ಳೆಯ ನಿದ್ರೆಗೆ ಸಲಹೆಗಳಿರುವ ಕರಪತ್ರ. ನಿದ್ರಾಹೀನತೆಯನ್ನು ಐಎಸ್‌ಐ ಪ್ರಶ್ನಾವಳಿಯಿಂದ ಅಳೆಯುತ್ತೇವೆ. ಅದರಲ್ಲಿ ಏಳು ಪ್ರಶ್ನೆ, 0ಯಿಂದ 28 ಅಂಕ, 15 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯಕೀಯವಾಗಿ ಗಮನಿಸಬೇಕಾದ ನಿದ್ರಾಹೀನತೆ. ಖಿನ್ನತೆಗೆ ಪಿಎಚ್‌ಕ್ಯು-9. ಈ ಟ್ರಯಲ್ ನಿಜವಾಗಿ ನಡೆದದ್ದಲ್ಲ, ಇದರ ಅಂಕಿಗಳೆಲ್ಲ ವಿವರಣೆಗಾಗಿ ನಾನು ಹಿಡಿದವು. ಕೊನೆಯವರೆಗೂ ಇದೇ ಉದಾಹರಣೆಯೊಂದಿಗೆ ಹೋಗೋಣ.

ಚಿಕಿತ್ಸೆಯಿಂದ ನಿದ್ರೆಗೆ ಒಂದು ಕೊಂಡಿ. ನಿದ್ರೆಯಿಂದ ಖಿನ್ನತೆಗೆ ಇನ್ನೊಂದು ಕೊಂಡಿ. ಈ ಎರಡನ್ನೂ ಗುಣಿಸಿದರೆ ಸಿಗುವುದು ನಿದ್ರೆಯ ಮೂಲಕ ಹಾದುಹೋಗುವ ಪರೋಕ್ಷ ಪರಿಣಾಮ. ಚಿಕಿತ್ಸೆಯ ಒಟ್ಟು ಪರಿಣಾಮದಿಂದ ಅದನ್ನು ಕಳೆದರೆ ಉಳಿಯುವುದು ನೇರ ಪರಿಣಾಮ: ವಾರವಾರ ಒಬ್ಬರು ಕುಳಿತು ಮಾತನಾಡಿಸಿದ್ದು, ದಿನಕ್ಕೊಂದು ಶಿಸ್ತು ಬಂದದ್ದು, ನಿದ್ರೆಗೆ ಸಂಬಂಧಪಡದ ಉಳಿದ ಎಲ್ಲ ದಾರಿಗಳು.

ಮೊದಲ ಕೊಂಡಿಗೆ ರ‍್ಯಾಂಡಮೈಸೇಶನ್‌ನ ರಕ್ಷಣೆ ಇದೆ. ಯಾರಿಗೆ ಚಿಕಿತ್ಸೆ ಎಂಬುದನ್ನು ಕಂಪ್ಯೂಟರ್ ನಿರ್ಧರಿಸಿತು. ಆದ್ದರಿಂದ ಎಂಟನೇ ವಾರದಲ್ಲಿ ಎರಡು ಗುಂಪುಗಳ ನಿದ್ರೆಯಲ್ಲಿ ಕಂಡ ವ್ಯತ್ಯಾಸವನ್ನು ಚಿಕಿತ್ಸೆಯ ಫಲ ಎನ್ನಬಹುದು. ಎರಡನೇ ಕೊಂಡಿಗೆ ಆ ರಕ್ಷಣೆ ಇಲ್ಲ. ಯಾರ ನಿದ್ರೆ ಎಷ್ಟು ಸುಧಾರಿಸಬೇಕು ಎಂದು ಯಾವ ಕಂಪ್ಯೂಟರೂ ಹಂಚಲಿಲ್ಲ. ಅದನ್ನು ಅವರವರ ಮನೆ, ಕೆಲಸ, ಮೈನೋವು, ಮನಸ್ಸು ನಿರ್ಧರಿಸಿತು. ಎರಡನೇ ಪ್ರಬಂಧ ಬರೆಯುವವರು ‘ಇದು ರ‍್ಯಾಂಡಮೈಸ್ಡ್ ಟ್ರಯಲ್‌ನ ದತ್ತಾಂಶ’ ಎಂದು ಧೈರ್ಯದಿಂದ ಬರೆಯುತ್ತಾರೆ. ಆದರೆ ಎರಡನೇ ಕೊಂಡಿಯ ಮಟ್ಟಿಗೆ ಅದು ಕೇವಲ ವೀಕ್ಷಣಾ ಅಧ್ಯಯನ. ಟ್ರಯಲ್ ಎಷ್ಟೇ ಚೆನ್ನಾಗಿ ನಡೆದಿರಲಿ, ಈ ಮಾತು ಬದಲಾಗುವುದಿಲ್ಲ.

ಮಲ್ಪೆ ಕಡೆಯ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ಗಂಡ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುವವರು. ಬೋಟು ಸಮುದ್ರದಲ್ಲಿರುವಷ್ಟು ದಿನ ಇವರಿಗೆ ನಿದ್ರೆ ಹತ್ತದು. ಏಪ್ರಿಲ್ ಮೊದಲ ವಾರ ಟ್ರಯಲ್‌ಗೆ ಸೇರಿದರು, ಎಂಟನೇ ವಾರದ ಭೇಟಿ ಜೂನ್ ಹೊತ್ತಿಗೆ ಬಂತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಂಡ ದಡಕ್ಕೆ ಬಂದರು. ಕೈಯಲ್ಲಿ ಕಾಸು ಬಿಗಿಯಾದರೂ ರಾತ್ರಿಯ ಆತಂಕ ಹೋಯಿತು, ನಿದ್ರೆ ಬಂತು. ಮನಸ್ಸೂ ಹಗುರಾಯಿತು. ಪ್ರಶ್ನಾವಳಿಯಲ್ಲಿ ಕಾಣುವುದು ನಿದ್ರೆ ಸುಧಾರಿಸಿದ್ದು ಮತ್ತು ಖಿನ್ನತೆ ಇಳಿದದ್ದು. ಆದರೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಎರಡಕ್ಕೂ ಕಾರಣ ದಡದಲ್ಲಿ ಲಂಗರು ಹಾಕಿದ ಬೋಟು.

ಇಂಥವರು ಎರಡೂ ಗುಂಪಿನಲ್ಲಿ ಸಮನಾಗಿ ಇರುತ್ತಾರೆ ಎಂದು ನೀವು ಹೇಳಬಹುದು. ಸರಿ, ಅದಕ್ಕೇ ಒಟ್ಟು ಪರಿಣಾಮ ಕೆಡುವುದಿಲ್ಲ. ಆದರೆ ಎರಡನೇ ಕೊಂಡಿಯನ್ನು ನಾವು ಅಳೆಯುವುದು ಒಂದೇ ಗುಂಪಿನೊಳಗೆ, ಚೆನ್ನಾಗಿ ಮಲಗಿದವರನ್ನು ಮಲಗದವರ ಜೊತೆ ಹೋಲಿಸಿ. ಆ ಹೋಲಿಕೆಯೊಳಗೆ ಬೋಟು ಬಂದು ಕೂರುತ್ತದೆ. ಸಮಾಧಾನದ ಸಂಗತಿ ಎಂದರೆ ಇದನ್ನು ಮೊದಲೇ ಯೋಚಿಸಿದ್ದರೆ ಹಿಡಿಯಬಹುದು. ಮನೆಯಲ್ಲಿ ಮೀನುಗಾರರಿದ್ದಾರೆಯೇ ಎಂಬ ಪ್ರಶ್ನೆ ಸೇರುವ ದಿನವೇ ಕೇಳುವಂಥದ್ದು. ಎಂಟನೇ ವಾರ ಯಾವ ತಿಂಗಳಿಗೆ ಬೀಳುತ್ತದೆ ಎಂಬುದು ಸೇರಿದ ದಿನಾಂಕದಿಂದಲೇ ಗೊತ್ತಾಗುತ್ತದೆ. ಎರಡೂ ಚಿಕಿತ್ಸೆಗೆ ಮುಂಚಿನ ಮಾಹಿತಿ, ಎರಡನ್ನೂ ಮಾದರಿಯಲ್ಲಿ ಸೇರಿಸಬಹುದು. ರಾತ್ರಿ ಪಾಳಿ, ಮೈಕೈ ನೋವು, ಮಗುವಿನ ವಯಸ್ಸು, ಖಿನ್ನತೆಯ ಮಾತ್ರೆ ನಡೆಯುತ್ತಿದೆಯೇ ಎಂಬುದು, ಇವೂ ಹಾಗೆಯೇ.

ಆ ಬೋಟಿನಂತೆ ನಿದ್ರೆ, ಖಿನ್ನತೆ ಎರಡನ್ನೂ ಒಟ್ಟಿಗೆ ಅಲುಗಿಸುವ ಕಾರಣಕ್ಕೆ ಕನ್‌ಫೌಂಡರ್ ಎನ್ನುತ್ತಾರೆ. ಎಲ್ಲಕ್ಕಿಂತ ದೊಡ್ಡ ಕನ್‌ಫೌಂಡರ್ ನಿಮ್ಮ ದತ್ತಾಂಶದಲ್ಲೇ ಇದೆ. ಆರಂಭದ ಖಿನ್ನತೆ ಮತ್ತು ಆರಂಭದ ನಿದ್ರೆ. ಶುರುವಿನಲ್ಲೇ ಹೆಚ್ಚು ಖಿನ್ನರಾಗಿದ್ದವರು ಎಂಟನೇ ವಾರದಲ್ಲೂ ಸರಿಯಾಗಿ ಮಲಗುವುದಿಲ್ಲ, ಇಪ್ಪತ್ನಾಲ್ಕನೇ ವಾರದಲ್ಲೂ ಹೆಚ್ಚು ಖಿನ್ನರಾಗಿರುತ್ತಾರೆ. ಈ ಎರಡು ಅಂಕಗಳನ್ನು ಎರಡೂ ಸಮೀಕರಣಗಳಲ್ಲಿ ಇಡದ ಮೀಡಿಯೇಶನ್ ಲೆಕ್ಕವನ್ನು ನಾನು ಓದಲು ಕೂಡ ಕೂರುವುದಿಲ್ಲ.

ಯಾವ ವಾರದ ನಿದ್ರೆ, ಯಾವ ವಾರದ ಖಿನ್ನತೆ

ಕಾರಣ ಮೊದಲು ಬರಬೇಕು, ಪರಿಣಾಮ ಆಮೇಲೆ. ಎಲ್ಲರಿಗೂ ಗೊತ್ತಿರುವ ಮಾತು. ಆದರೂ ಎಂಟನೇ ವಾರದ ಐಎಸ್‌ಐ, ಎಂಟನೇ ವಾರದ ಪಿಎಚ್‌ಕ್ಯು-9 ಎರಡನ್ನೂ ತೆಗೆದುಕೊಂಡು ಮೀಡಿಯೇಶನ್ ಮಾಡಿದ ಪ್ರಬಂಧಗಳು ಸಾಕಷ್ಟು. ಎರಡೂ ಪ್ರಶ್ನಾವಳಿಗಳು ಕಳೆದ ಎರಡು ವಾರಗಳ ಬಗ್ಗೆ ಕೇಳುತ್ತವೆ. ಅಂದರೆ ಎರಡೂ ಅದೇ ಹದಿನಾಲ್ಕು ದಿನಗಳ ಕಥೆ. ಆ ದಿನಗಳಲ್ಲಿ ನಿದ್ರೆ ಮನಸ್ಸನ್ನು ಎತ್ತಿತೋ ಮನಸ್ಸು ನಿದ್ರೆಯನ್ನು ತಂದಿತೋ, ಯಾವ ಸಾಫ್ಟ್‌ವೇರ್ ಕೂಡ ಬಿಡಿಸಿ ಹೇಳಲಾರದು.

ಬ್ರಿಟನ್ನಿನಲ್ಲಿ 26 ವಿಶ್ವವಿದ್ಯಾಲಯಗಳ 3,755 ವಿದ್ಯಾರ್ಥಿಗಳನ್ನು ಒಳಗೊಂಡ ಓಯಸಿಸ್ ಎಂಬ ಟ್ರಯಲ್ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಆನ್‌ಲೈನ್ ಸಿಬಿಟಿಯಿಂದ ನಿದ್ರೆ ಸುಧಾರಿಸಿದರೆ ಅತಿಶಂಕೆ, ಭ್ರಮೆಯ ಅನುಭವಗಳು ಕಡಿಮೆಯಾಗುತ್ತವೆಯೇ ಎಂಬುದು ಅವರ ಪ್ರಶ್ನೆ. ಅಲ್ಲಿ ಮೀಡಿಯೇಶನ್ ಪ್ರಶ್ನೆ ಟ್ರಯಲ್‌ನ ಮೂಲ ಉದ್ದೇಶವೇ ಆಗಿತ್ತು. ಹಾಗಾಗಿ ಆರಂಭ, ಮೂರನೇ ವಾರ, ಚಿಕಿತ್ಸೆ ಮುಗಿಯುವ ಹತ್ತನೇ ವಾರ, ಆಮೇಲೆ ಇಪ್ಪತ್ತೆರಡನೇ ವಾರ ಎಂದು ಅಳತೆಗಳನ್ನು ಇಟ್ಟುಕೊಂಡಿದ್ದರು. ಎರಡನೇ ಪ್ರಬಂಧ ಬರೆಯುವ ನಮಗೆ ಆ ಸ್ವಾತಂತ್ರ್ಯ ಇರುವುದಿಲ್ಲ. ಯಾರೋ ಆಗಲೇ ನಿರ್ಧರಿಸಿದ ವಾರಗಳಲ್ಲಿ ನಾವು ಆರಿಸಿಕೊಳ್ಳಬೇಕು.

ಹೇಗೆ ಆರಿಸುವುದು? ಇಲ್ಲಿ ಚಿಕಿತ್ಸೆಯ ಒಳಗುಟ್ಟು ಗೊತ್ತಿರಬೇಕು. ಒಂದು ನಿದ್ರೆಯ ಡೈರಿಯನ್ನು ನೋಡೋಣ. ರಾತ್ರಿ 10ಕ್ಕೆ ಮಲಗಿದ್ದು, ನಿದ್ರೆ ಹತ್ತಿದ್ದು 12 ಗಂಟೆಗೆ, ನಡುವೆ ಎರಡು ಸಲ ಎದ್ದು ಒಟ್ಟು ಒಂದೂವರೆ ಗಂಟೆ ಎಚ್ಚರ, ಬೆಳಿಗ್ಗೆ 6ಕ್ಕೆ ಎದ್ದದ್ದು. ಹಾಸಿಗೆಯಲ್ಲಿ ಎಂಟು ಗಂಟೆ, ನಿದ್ರೆ ನಾಲ್ಕೂವರೆ ಗಂಟೆ. ನಿದ್ರೆಯ ದಕ್ಷತೆ ಶೇ. 56. ಸಿಬಿಟಿಯಲ್ಲಿ ಇಂಥವರಿಗೆ ಹಾಸಿಗೆಯ ಸಮಯವನ್ನೇ ಕಡಿಮೆ ಮಾಡುತ್ತಾರೆ. ಸಾಮಾನ್ಯವಾಗಿ ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ. ರಾತ್ರಿ 1ಕ್ಕೆ ಮಲಗಿ, ಬೆಳಿಗ್ಗೆ 6ಕ್ಕೆ ಏಳಿ ಎನ್ನುತ್ತಾರೆ. ದಕ್ಷತೆ ಶೇ. 85 ದಾಟಿದ ಮೇಲೆ ಕಾಲು ಗಂಟೆಯಂತೆ ಹೆಚ್ಚಿಸುತ್ತಾ ಹೋಗುತ್ತಾರೆ.

ಮೊದಲ ಎರಡು ಮೂರು ವಾರ ಏನಾಗುತ್ತದೆ ಎಂದು ಚಿಕಿತ್ಸೆ ಕೊಟ್ಟವರಿಗೆ ಗೊತ್ತು. ಹಗಲು ತೂಕಡಿಕೆ, ಸುಸ್ತು, ಸಿಡಿಮಿಡಿ. ‘ನಿದ್ರೆ ಬರ್ಪುಜಿ ಅಂತ ಬಂದ್ರೆ ನೀವು ಇರುವ ನಿದ್ರೆಯನ್ನೂ ತೆಗೆದ್ರಿ’ ಎಂದು ಜಗಳಕ್ಕೆ ಬರುವವರೂ ಉಂಟು. ಪಿಎಚ್‌ಕ್ಯು-9ರ ನಾಲ್ಕನೇ ಪ್ರಶ್ನೆ ಸುಸ್ತಿನದ್ದೇ, ಆ ಅಂಕ ಆಗ ಏರುತ್ತದೆ. ಮೂರನೇ ವಾರದ ನಿದ್ರೆಯ ಅಳತೆಯನ್ನು ಮಧ್ಯವರ್ತಿಯಾಗಿ, ಅಂದರೆ ಚಿಕಿತ್ಸೆಗೂ ಖಿನ್ನತೆಗೂ ನಡುವಿನದ್ದಾಗಿ ಹಿಡಿದರೆ ಚಿಕಿತ್ಸೆ ನಡುದಾರಿಯಲ್ಲಿರುವಾಗ ಫೋಟೋ ತೆಗೆದ ಹಾಗಾಗುತ್ತದೆ. ನಮ್ಮ ಉದಾಹರಣೆಯ ಟ್ರಯಲ್‌ನಲ್ಲಿ 4, 8, 24ನೇ ವಾರಗಳಲ್ಲಿ ಅಳತೆ ಇದೆ ಎಂದಿಟ್ಟುಕೊಳ್ಳಿ. ನಾನು ಎಂಟನೇ ವಾರದ ನಿದ್ರೆ, ಇಪ್ಪತ್ನಾಲ್ಕನೇ ವಾರದ ಖಿನ್ನತೆ ಎಂದು ಬರೆಯುತ್ತೇನೆ, ಯಾಕೆ ಎಂದೂ ಬರೆಯುತ್ತೇನೆ.

ನಾಲ್ಕನೇ ವಾರದ ಖಿನ್ನತೆ ಒಂದು ಕಷ್ಟದ ಗಂಟು. ಚಿಕಿತ್ಸಕರ ಜೊತೆ ಮಾತನಾಡಿ ನಾಲ್ಕನೇ ವಾರಕ್ಕೇ ಮನಸ್ಸು ಸ್ವಲ್ಪ ಎದ್ದಿತು, ಅದರಿಂದ ಎಂಟನೇ ವಾರಕ್ಕೆ ನಿದ್ರೆ ಬಂತು, ಅದೇ ಒಳ್ಳೆಯ ಮನಸ್ಸು ಇಪ್ಪತ್ನಾಲ್ಕನೇ ವಾರದವರೆಗೂ ಉಳಿಯಿತು ಎಂದುಕೊಳ್ಳಿ. ಆಗ ನಾಲ್ಕನೇ ವಾರದ ಖಿನ್ನತೆ ಎರಡನೇ ಕೊಂಡಿಯ ಕನ್‌ಫೌಂಡರ್. ಬಿಟ್ಟರೆ ನಿದ್ರೆಗೆ ಸಲ್ಲದ ಕೀರ್ತಿ ಸಲ್ಲುತ್ತದೆ. ಆದರೆ ಅದೇ ಅಂಕ ಚಿಕಿತ್ಸೆಯ ಫಲವೂ ಹೌದು. ಸಾಮಾನ್ಯ ರಿಗ್ರೆಶನ್‌ನಲ್ಲಿ ಸುಮ್ಮನೆ ಸೇರಿಸಿದರೆ ಚಿಕಿತ್ಸೆಯ ಒಂದು ದಾರಿಗೇ ಅಡ್ಡಗಟ್ಟಿದಂತಾಗುತ್ತದೆ, ನೇರ ಪರಿಣಾಮದ ಅರ್ಥ ಬದಲಾಗುತ್ತದೆ. ಇಂಥ ಕಡೆ ಪರಿಣಾಮವನ್ನು ನೇರ, ಪರೋಕ್ಷ ಎಂದು ಸಾಮಾನ್ಯ ರೀತಿಯಲ್ಲಿ ಒಡೆಯಲು ಸಿದ್ಧಾಂತವೇ ಅನುಮತಿ ಕೊಡುವುದಿಲ್ಲ. ಇಂಟರ್ವೆನ್ಶನಲ್ ಪರಿಣಾಮ ಎಂಬ ಬೇರೆ ವ್ಯಾಖ್ಯೆಗೆ ಹೋಗಬೇಕಾಗುತ್ತದೆ. ಅಲ್ಲಿ ಕೇಳುವ ಪ್ರಶ್ನೆ ಹೀಗೆ: ಎಲ್ಲರಿಗೂ ಚಿಕಿತ್ಸೆ ಕೊಟ್ಟು, ಅವರ ನಿದ್ರೆಯ ಹಂಚಿಕೆಯನ್ನು ಮಾತ್ರ ಕರಪತ್ರದ ಗುಂಪಿನಂತೆ ಇಟ್ಟರೆ ಖಿನ್ನತೆ ಎಷ್ಟು ಬದಲಾಗುತ್ತದೆ? ನನ್ನ ಸಲಹೆ ಇಷ್ಟೇ. ಮುಖ್ಯ ಲೆಕ್ಕದಲ್ಲಿ ಆರಂಭದ ಅಂಕಗಳನ್ನು ಮಾತ್ರ ಸೇರಿಸಿ. ನಾಲ್ಕನೇ ವಾರದ ಖಿನ್ನತೆಯನ್ನು ಪರಿಗಣಿಸುವ ಇಂಟರ್ವೆನ್ಶನಲ್ ಲೆಕ್ಕವನ್ನು ಎರಡನೆಯದಾಗಿ ಮಾಡುತ್ತೇವೆ ಎಂದು ಯೋಜನೆಯಲ್ಲೇ ಘೋಷಿಸಿ. ಎರಡೂ ಬೇರೆ ಬೇರೆ ಉತ್ತರ ಕೊಟ್ಟರೆ ಆ ಭಿನ್ನತೆಯೇ ಒಂದು ಫಲಿತಾಂಶ.

ಅಳತೆಗೋಲುಗಳನ್ನು ಬೇರ್ಪಡಿಸುವುದು

ಮೊದಲು ಹೇಳಿದ ಮೂರನೇ ಪ್ರಶ್ನೆಗೆ ಮರಳೋಣ. ಮುಖ್ಯ ಲೆಕ್ಕದಲ್ಲಿ ಅದನ್ನು ತೆಗೆದ ಎಂಟು ಪ್ರಶ್ನೆಗಳ ಮೊತ್ತ ಬಳಸಿ, 0ಯಿಂದ 24. ಆದರೆ ಅದನ್ನು ಪಿಎಚ್‌ಕ್ಯು-8 ಎಂದು ಕರೆಯಬೇಡಿ. ಆ ಹೆಸರಿನ ಪ್ರಶ್ನಾವಳಿ ಆಗಲೇ ಇದೆ. ಅಲ್ಲಿ ಬಿಟ್ಟಿರುವುದು ಆತ್ಮಹತ್ಯೆಯ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಯನ್ನು, ನಿದ್ರೆಯದ್ದು ಅದರಲ್ಲಿ ಉಳಿದೇ ಇದೆ. ಹ್ಯಾಮಿಲ್ಟನ್ ಮಾಪನ ಬಳಸುವವರಿಗೆ ತೊಂದರೆ ಇನ್ನೂ ದೊಡ್ಡದು. ಅದರ 17 ಅಂಶಗಳಲ್ಲಿ ಮೂರು ನಿದ್ರೆಗೇ ಮೀಸಲು: ನಿದ್ರೆ ಹತ್ತದಿರುವುದು, ನಡುರಾತ್ರಿ ಎಚ್ಚರ, ನಸುಕಿನ ಎಚ್ಚರ.

ಮುಖ್ಯ ಪ್ರಬಂಧ ಪೂರ್ಣ ಒಂಬತ್ತು ಪ್ರಶ್ನೆಗಳ ಅಂಕವನ್ನು ಬಳಸಿದೆ, ಈಗ ಬೇರೆ ಅಂಕ ಬಳಸಿದರೆ ವಿಮರ್ಶಕರು ಆಕ್ಷೇಪಿಸುವುದಿಲ್ಲವೇ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಎರಡನ್ನೂ ಕೊಡಿ. ಪೂರ್ಣ ಅಂಕದ ಲೆಕ್ಕವನ್ನು ಮುಖ್ಯ ಪ್ರಬಂಧದೊಂದಿಗೆ ಹೋಲಿಸಲು ಇಡಿ, ತೀರ್ಮಾನವನ್ನು ಮಾತ್ರ ನಿದ್ರೆ ತೆಗೆದ ಅಂಕದ ಮೇಲೆ ನಿಲ್ಲಿಸಿ.

ಇದರ ಇನ್ನೊಂದು ಮಗ್ಗುಲನ್ನು ಬಹಳ ಜನ ಗಮನಿಸುವುದಿಲ್ಲ. ಐಎಸ್‌ಐ ಒಳಗೂ ಮನಸ್ಸು ಕುಳಿತಿದೆ. ನಿದ್ರೆಯ ತೊಂದರೆ ದೈನಂದಿನ ಬದುಕಿಗೆ ಎಷ್ಟು ಅಡ್ಡಿಯಾಗಿದೆ ಎಂದು ಕೇಳುವ ಪ್ರಶ್ನೆಯಲ್ಲಿ ಆಯಾಸ, ಏಕಾಗ್ರತೆ, ಮನಃಸ್ಥಿತಿ ಎಂದು ಉದಾಹರಣೆಗಳೇ ಇವೆ. ನಿದ್ರೆಯ ಬಗ್ಗೆ ಎಷ್ಟು ಚಿಂತೆಯಾಗಿದೆ ಎಂದು ಇನ್ನೊಂದು ಪ್ರಶ್ನೆ. ಖಿನ್ನರಾದವರು ಅದೇ ನಿದ್ರೆಗೆ ಹೆಚ್ಚು ಅಂಕ ಕೊಡುತ್ತಾರೆ. ಅದಕ್ಕೇ ಮೊದಲ ಮೂರು ಪ್ರಶ್ನೆಗಳ ಮೊತ್ತವನ್ನು, ಅಂದರೆ ನಿದ್ರೆ ಹತ್ತುವುದು, ಉಳಿಯುವುದು, ಬೇಗ ಎಚ್ಚರವಾಗುವುದು ಇಷ್ಟನ್ನೇ, ಮಧ್ಯವರ್ತಿಯಾಗಿ ಇಟ್ಟು ಒಮ್ಮೆ ಲೆಕ್ಕ ಹಾಕಿ. ಡೈರಿಯ ನಿದ್ರಾ ದಕ್ಷತೆ ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಸಂಗತಿಯೂ ಉಂಟು. ಫಾರಂ ಕನ್ನಡದಲ್ಲಿರುತ್ತದೆ, ಉತ್ತರಿಸುವವರ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಫಾರಂ ತುಂಬಿಸುವವರು ತಮಗೆ ತೋಚಿದಂತೆ ವಿವರಿಸುತ್ತಾರೆ. ಹೀಗೆ ಅಳತೆಯಲ್ಲಿ ಗೊಂದಲ ಹೆಚ್ಚಿದಷ್ಟೂ ಎರಡನೇ ಕೊಂಡಿ ಇರುವುದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ, ನಿದ್ರೆಯ ಪಾಲು ಕಡಿಮೆಯಾಗಿ ನೇರ ಪರಿಣಾಮ ಉಬ್ಬುತ್ತದೆ. ಯಾರು ಯಾವ ಭಾಷೆಯಲ್ಲಿ ಕೇಳಿದರು ಎಂಬ ಕಾಲಂ ನಿಮ್ಮ ದತ್ತಾಂಶದಲ್ಲಿದ್ದರೆ ಅದನ್ನು ಬಿಸಾಡಬೇಡಿ.

ಅಂಕಿಗಳೊಂದಿಗೆ ಒಮ್ಮೆ

ಈಗ ಆ 300 ಜನರ ಲೆಕ್ಕ. ಎಂಟನೇ ವಾರದಲ್ಲಿ ಚಿಕಿತ್ಸೆಯ ಗುಂಪಿನ ಐಎಸ್‌ಐ 5 ಅಂಕ ಕಡಿಮೆ. ಇಪ್ಪತ್ನಾಲ್ಕನೇ ವಾರದಲ್ಲಿ ಪೂರ್ಣ ಪಿಎಚ್‌ಕ್ಯು-9 ಎರಡೂವರೆ ಅಂಕ ಕಡಿಮೆ. ಆರಂಭದ ಅಂಕಗಳನ್ನು ಸೇರಿಸದೆ ಲೆಕ್ಕ ಹಾಕಿದರೆ, ಐಎಸ್‌ಐ ಒಂದು ಅಂಕ ಇಳಿದರೆ ಖಿನ್ನತೆ 0.30 ಇಳಿಯುತ್ತದೆ ಎಂದು ಬಂತು. 5 × 0.30 = 1.5. ಎರಡೂವರೆಯಲ್ಲಿ ಒಂದೂವರೆ, ಅಂದರೆ ಶೇ. 60 ನಿದ್ರೆಯ ಮೂಲಕ. ಪ್ರಬಂಧದ ಶೀರ್ಷಿಕೆಗೆ ಒಪ್ಪುವ ಅಂಕಿ.

ಮೂರನೇ ಪ್ರಶ್ನೆ ತೆಗೆಯೋಣ. ಒಟ್ಟು ಪರಿಣಾಮ 2.0ಕ್ಕೆ, ಎರಡನೇ ಕೊಂಡಿ 0.22ಕ್ಕೆ ಇಳಿಯಿತು. ಪರೋಕ್ಷ ಪರಿಣಾಮ 1.1, ಶೇ. 55. ಇನ್ನು ಆರಂಭದ ಖಿನ್ನತೆ, ಆರಂಭದ ನಿದ್ರೆ, ಮೀನುಗಾರ ಮನೆ, ತಿಂಗಳು ಎಲ್ಲ ಸೇರಿಸೋಣ. ಒಟ್ಟು ಪರಿಣಾಮ ಹೆಚ್ಚು ಕಡಿಮೆ ಅಲ್ಲೇ ನಿಲ್ಲುತ್ತದೆ, ಅದಕ್ಕೆ ರ‍್ಯಾಂಡಮೈಸೇಶನ್ ಕಾವಲಿದೆ. ಎರಡನೇ ಕೊಂಡಿ ಮಾತ್ರ 0.14ಕ್ಕೆ ಕುಸಿಯಿತು. ಪರೋಕ್ಷ ಪರಿಣಾಮ 0.7, ಶೇ. 35.

ಒಂದೇ ದತ್ತಾಂಶ, 60 ಮತ್ತು 35. ಯಾವುದೂ ಗುಣಾಕಾರದ ತಪ್ಪಲ್ಲ. ಲೆಕ್ಕ ಹಾಕಿ ನೋಡಿದ ಮೇಲೆ ಆರಿಸಲು ಕುಳಿತರೆ ನಾವು ಯಾವುದನ್ನು ಆರಿಸುತ್ತೇವೆ ಎಂದು ನನಗೆ ನನ್ನ ಅನುಭವದಿಂದಲೇ ಗೊತ್ತು.

ಇನ್ನು ಅನಿಶ್ಚಿತತೆ. ಎರಡನೇ ಕೊಂಡಿಯ ಸ್ಟ್ಯಾಂಡರ್ಡ್ ಎರರ್ 0.06 ಎಂದು ಹಿಡಿದರೆ, 0.7ರ ಕಾನ್ಫಿಡೆನ್ಸ್ ಇಂಟರ್ವಲ್ ಸುಮಾರು 0.1ರಿಂದ 1.3ರವರೆಗೆ ಹರಡುತ್ತದೆ. ಈ ಹರವು ಬರುವುದು ಬಹುಪಾಲು ಎರಡನೇ ಕೊಂಡಿಯಿಂದ. ಚಿಕಿತ್ಸೆ ನಿದ್ರೆಯನ್ನು ಸುಧಾರಿಸುತ್ತದೆ ಎಂಬುದು 300 ಜನರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ನಿದ್ರೆ ಖಿನ್ನತೆಯನ್ನು ಎಷ್ಟು ಇಳಿಸುತ್ತದೆ ಎಂಬುದು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಇಷ್ಟು ಅಗಲವಾದ ಒಂದು ಅಂಕಿಯನ್ನು, ತನ್ನದೇ ಅನಿಶ್ಚಿತತೆ ಇರುವ 2.0 ಎಂಬ ಇನ್ನೊಂದು ಅಂಕಿಯಿಂದ ಭಾಗಿಸಿ ‘ಶೇ. 35’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅಂಕಗಳಲ್ಲಿ ಹೇಳಿ: ನಿದ್ರೆಯ ಮೂಲಕ 0.7 ಅಂಕ, ಇಂತಿಷ್ಟು ಅಂತರದಲ್ಲಿ. ಶೇಕಡಾವಾರನ್ನು ಸಾರಾಂಶಕ್ಕೆ ತರುವುದಿಲ್ಲ ಎಂದು ಯೋಜನೆಯಲ್ಲೇ ಬರೆದುಬಿಡಿ.

ಆರ್ ಭಾಷೆಯಲ್ಲಿ ಇದು ಇಷ್ಟೇ:

```r
library(mediation)
m <- lm(isi8 ~ arm + isi0 + phq0 + age + sex +
          fisher + month8, data = d)
y <- lm(phq24_no3 ~ arm * isi8 + isi0 + phq0 + age + sex +
          fisher + month8, data = d)
set.seed(2024)
med <- mediate(m, y, treat = "arm", mediator = "isi8",
               sims = 5000)
sens <- medsens(med, rho.by = 0.02)
```

`arm * isi8` ಎಂಬ ಜಾಗ ನೋಡಿ. ಚೆನ್ನಾಗಿ ಮಲಗುವುದರ ಲಾಭ ಎರಡು ಗುಂಪುಗಳಲ್ಲಿ ಬೇರೆ ಬೇರೆ ಇರಬಹುದು ಎಂದು ಅದು ಒಪ್ಪಿಕೊಳ್ಳುತ್ತದೆ. ಬ್ಯಾರನ್ ಮತ್ತು ಕೆನ್ನಿ 1986ರಲ್ಲಿ ಕೊಟ್ಟ ಹೆಜ್ಜೆಗಳನ್ನೇ ಇಂದಿಗೂ ಅನುಸರಿಸುವವರು ಇದನ್ನು ಬಿಟ್ಟುಬಿಡುತ್ತಾರೆ. ಮೊದಲು ಕೈಯಲ್ಲಿ ಗುಣಿಸಿದ್ದು ಈ ವ್ಯತ್ಯಾಸ ಇಲ್ಲ ಎಂದು ಹಿಡಿದು. ಇನ್ನೊಂದು ಪ್ರಾಯೋಗಿಕ ಮಾತು: ಎರಡೂ ಮಾದರಿಗಳಲ್ಲಿ ಅದೇ ಜನರಿರಬೇಕು. ಎಂಟನೇ ವಾರಕ್ಕೆ ಬಂದು ಇಪ್ಪತ್ನಾಲ್ಕಕ್ಕೆ ಬಾರದವರಿದ್ದರೆ ಎರಡು ಮಾದರಿಗಳ ಸಂಖ್ಯೆ ಹೊಂದುವುದಿಲ್ಲ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಆಗ ಬಾರದವರನ್ನು ಸುಮ್ಮನೆ ಕೈಬಿಡುವ ಆಸೆ ಹುಟ್ಟುತ್ತದೆ. ಮಾಡಬೇಡಿ. ಬಾರದವರು ಸಾಮಾನ್ಯವಾಗಿ ಹೆಚ್ಚು ಖಿನ್ನರು. ನಾಲ್ಕನೇ ವಾರದ ಅಂಕಗಳನ್ನೂ ಬಳಸಿ ಮಲ್ಟಿಪಲ್ ಇಂಪ್ಯುಟೇಶನ್, ಅಂದರೆ ಇಲ್ಲದ ಅಂಕಗಳನ್ನು ಇರುವ ಮಾಹಿತಿಯಿಂದ ಹಲವು ಸಲ ಅಂದಾಜಿಸಿ ತುಂಬುವುದನ್ನು, ಮಾಡುತ್ತೇವೆ ಎಂದು ಮೊದಲೇ ಬರೆದಿಡಿ.

ಕೊನೆಯ ಸಾಲು ನನಗೆ ಇಡೀ ಲೆಕ್ಕದಲ್ಲೇ ಮುಖ್ಯ. ನಾವು ಅಳೆಯದ ಕಾರಣಗಳು ಎಷ್ಟು ಬಲವಾಗಿದ್ದರೆ ನಮ್ಮ ಪರೋಕ್ಷ ಪರಿಣಾಮ ಸೊನ್ನೆಯಾಗುತ್ತದೆ ಎಂದು ಅದು ಹೇಳುತ್ತದೆ. ನಿದ್ರೆಯ ಮಾದರಿ ವಿವರಿಸದೆ ಉಳಿಸಿದ್ದಕ್ಕೂ ಖಿನ್ನತೆಯ ಮಾದರಿ ಉಳಿಸಿದ್ದಕ್ಕೂ ಇರಬಹುದಾದ ಸಹಸಂಬಂಧವನ್ನು ರೋ ಎನ್ನುತ್ತಾರೆ. ಎರಡೂ ಕಡೆಯ ಹರವು ಸುಮಾರು ಸಮ ಎಂದು ಹಿಡಿದರೆ ನಮ್ಮ ಉದಾಹರಣೆಯಲ್ಲಿ ರೋ 0.14 ತಲುಪಿದರೆ ಪರಿಣಾಮ ಮಾಯ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ಮಾದರಿಗಳು ಬಿಟ್ಟ ವ್ಯತ್ಯಾಸದಲ್ಲಿ ಎರಡೂ ಕಡೆ ಸುಮಾರು ಶೇ. 14ರಷ್ಟನ್ನು ವಿವರಿಸುವ ಒಂದು ಗುಪ್ತ ಕಾರಣ ಸಾಕು. ಮೈನೋವು ಅಷ್ಟು ಬಲದ ಕಾರಣವೇ? ಮನೆಯ ಜಗಳ? ವೈದ್ಯರಾದ ನೀವು ಇದಕ್ಕೆ ಉತ್ತರ ಕೊಡಬೇಕು, ಸಂಖ್ಯಾಶಾಸ್ತ್ರದವನಾದ ನಾನು ಕೊಡಲಾರೆ. ಮೈನೋವಿನ ಅಂಕ ಆರಂಭದಲ್ಲಿ ಅಳೆದಿದ್ದರೆ ಅದು ಎರಡೂ ಕಡೆ ಎಷ್ಟು ವಿವರಿಸುತ್ತದೆ ಎಂದು ನೋಡಿ, ಅದರೊಂದಿಗೆ ಹೋಲಿಸಿ ಮಾತನಾಡಿ.

ಎಲ್ಲಿ, ಯಾವಾಗ ಬರೆಯುವುದು

ನಮ್ಮ ದೇಶದ ಟ್ರಯಲ್‌ಗಳು ಸಿಟಿಆರ್‌ಐ ನೋಂದಣಿಯಲ್ಲಿ ಇರುತ್ತವೆ. ಆದರೆ ಅಲ್ಲಿ ಮೀಡಿಯೇಶನ್ ಯೋಜನೆ ಇರುವುದು ಅಪರೂಪ. ಎರಡನೇ ಪ್ರಬಂಧಕ್ಕೆ ಬೇರೆಯಾಗಿ ಒಂದು ಯೋಜನೆ ಬರೆದು, ಓಎಸ್‌ಎಫ್‌ನಂಥ ಸಾರ್ವಜನಿಕ ಜಾಲತಾಣದಲ್ಲಿ ದಿನಾಂಕದ ಮುದ್ರೆಯೊಂದಿಗೆ ಇಡಿ. ಮುಖ್ಯ ಫಲಿತಾಂಶ ನಮಗಾಗಲೇ ಗೊತ್ತಿದೆ ಎಂಬುದನ್ನು ಮುಚ್ಚಿಡಬೇಡಿ. ನಿದ್ರೆ ಮತ್ತು ಖಿನ್ನತೆಯ ಗುಂಪುವಾರು ಸರಾಸರಿಗಳನ್ನು ಕಂಡಿದ್ದೇವೆ, ಅವೆರಡರ ನಡುವಿನ ಸಂಬಂಧವನ್ನು ಕಂಡಿಲ್ಲ, ದತ್ತಾಂಶ ಯಾರ ಬಳಿ ಇದೆ, ಯಾರು ತೆರೆದಿದ್ದಾರೆ ಎಂದು ಹೆಸರು ಸಹಿತ ಬರೆಯಿರಿ. ಮೀಡಿಯೇಶನ್ ಅಧ್ಯಯನಗಳ ವರದಿಗೆ 2021ರಲ್ಲಿ ಬಂದ ಅಗ್ರೀಮಾ ಮಾರ್ಗಸೂಚಿ ಇದೆ. ಅದನ್ನು ಪ್ರಬಂಧ ಕಳಿಸುವ ಹಿಂದಿನ ರಾತ್ರಿ ತುಂಬುವ ಬದಲು ಯೋಜನೆ ಬರೆಯುವಾಗಲೇ ಪಕ್ಕದಲ್ಲಿಟ್ಟುಕೊಳ್ಳಿ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದರು: “ಸರ್, ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೆ ಇಂಟರ್ವಲ್ ಸೊನ್ನೆಯನ್ನು ದಾಟಿದರೆ? ಗೈಡ್ ಹತ್ತಿರ ಏನು ಹೇಳುವುದು?”

ನಾನು ಹೇಳಿದೆ: “ಆ ವಾಕ್ಯವನ್ನೂ ಈಗಲೇ ಬರೆದಿಡಮ್ಮ. ಗೈಡ್ ಕೈಯಲ್ಲಿ ಅದಕ್ಕೂ ಈಗಲೇ ಸಹಿ ಹಾಕಿಸಿಕೋ.” ಅವರು ಪೆನ್ನು ತೆಗೆದರು. ಸಭೆಯಲ್ಲಿದ್ದವರೆಲ್ಲ ಸೇರಿ ಆ ವಾಕ್ಯ ಕಟ್ಟಿದೆವು. ನಡುವೆ ಮಳೆಯ ಸದ್ದಿಗೆ ಎರಡು ಸಲ ನಿಲ್ಲಿಸಬೇಕಾಯಿತು. ಅವರ ಪುಸ್ತಕದಲ್ಲಿ ಕೊನೆಗೆ ಉಳಿದದ್ದು ಇದು:

‘ಪರೋಕ್ಷ ಪರಿಣಾಮದ ಇಂಟರ್ವಲ್ ಸೊನ್ನೆಯನ್ನು ಒಳಗೊಂಡರೆ, ಚಿಕಿತ್ಸೆಯು ನಿದ್ರೆಯನ್ನೂ ಖಿನ್ನತೆಯನ್ನೂ ಸುಧಾರಿಸಿತು, ಆದರೆ ಖಿನ್ನತೆಯ ಇಳಿಕೆ ನಿದ್ರೆಯ ಮೂಲಕವೇ ಆಯಿತೆಂದು ಈ ದತ್ತಾಂಶದಿಂದ ಹೇಳಲಾಗದು ಎಂದು ಸಾರಾಂಶದಲ್ಲೇ ಬರೆಯುತ್ತೇವೆ. ಬೇರೆ ವಾರದ ಅಳತೆಯನ್ನು ಮಧ್ಯವರ್ತಿಯಾಗಿ ಹಾಕಿ ಮತ್ತೆ ಪ್ರಯತ್ನಿಸುವುದಿಲ್ಲ.’